ಗಿರಣಿ ಬಟ್ಟೆಯ ಮೇಲಿನ ಮೂರೂವರೆ ರೂಪಾಯಿ

1894ರ ವೇಳೆಗೆ ರೂಪಾಯಿಯ ಬೆಲೆ ಕುಸಿದು, ಲಂಡನ್ನಿಗೆ ಪೌಂಡುಗಳಲ್ಲಿ ಸಲ್ಲಬೇಕಾದ ಹಣದ ಹೊರೆ ಭಾರತ ಸರ್ಕಾರಕ್ಕೆ ಅಸಹನೀಯವಾಗಿತ್ತು. ಬೊಕ್ಕಸ ತುಂಬಿಸಲು, 1882ರಲ್ಲಿ ಕೈಬಿಟ್ಟಿದ್ದ ಬಟ್ಟೆಯ ಆಮದು ಸುಂಕವನ್ನು ಮತ್ತೆ ವಿಧಿಸಲಾಯಿತು. ಲಂಕಾಷೈರಿನ ಗಿರಣಿ ಮಾಲೀಕರು ಇದನ್ನು ಸಹಿಸಲಿಲ್ಲ. ಅವರ ಒತ್ತಡದ ಫಲವಾಗಿ 1896ರಲ್ಲಿ ಆ ಸುಂಕ ಶೇಕಡಾ 3.5ಕ್ಕೆ ಇಳಿಯಿತು, ಭಾರತದ ಗಿರಣಿಗಳು ನೇಯ್ದ ಬಟ್ಟೆಯ ಮೇಲೂ ಅಷ್ಟೇ ಉತ್ಪಾದನಾ ಸುಂಕ ಬಿದ್ದಿತು.

ಮೇಲ್ನೋಟಕ್ಕೆ ಇದು ಸಮಾನ ನ್ಯಾಯ. ಆದರೆ ನೂರು ರೂಪಾಯಿಯ ಬಟ್ಟೆಯಲ್ಲಿ ಗಿರಣಿಗೆ ಏಳು ರೂಪಾಯಿ ಲಾಭವೆಂದಿಟ್ಟುಕೊಂಡರೆ, ಸುಂಕವನ್ನು ಗಿರಾಕಿಯ ಮೇಲೆ ಹಾಕಲಾಗದಿದ್ದಾಗ ಅದರಲ್ಲಿ ಅರ್ಧ ಹೋದಂತೆಯೇ. ಗಿರಾಕಿಯ ಮೇಲೆ ಹಾಕುವುದೂ ಸುಲಭವಿರಲಿಲ್ಲ, ಏಕೆಂದರೆ ಕೈಮಗ್ಗದ ಬಟ್ಟೆಗೆ ಈ ಸುಂಕವಿರಲಿಲ್ಲ. ಸುಂಕವಿದ್ದುದು ಉತ್ಪಾದನೆಯ ಮೇಲೆ, ಲಾಭದ ಮೇಲಲ್ಲ. ನಷ್ಟದ ವರ್ಷದಲ್ಲಿಯೂ ಅದನ್ನು ತೆರಲೇಬೇಕಿತ್ತು. ಇನ್ನೂ ವಿಚಿತ್ರವೆಂದರೆ, ಮ್ಯಾಂಚೆಸ್ಟರ್ ಅಷ್ಟಾಗಿ ಕಳುಹಿಸದ ದಪ್ಪ ನೂಲಿನ ಬಟ್ಟೆಯನ್ನೂ ಬಿಡಲಿಲ್ಲ. ಪೈಪೋಟಿಯೇ ಇಲ್ಲದ ಮಾಲಿಗೆ ಯಾರೊಡನೆ ಸಮಾನತೆ?

1917ರಲ್ಲಿ ಯುದ್ಧದ ಖರ್ಚಿಗಾಗಿ ಆಮದು ಸುಂಕವನ್ನು ಶೇಕಡಾ 7.5ಕ್ಕೆ ಏರಿಸಿದಾಗ ಉತ್ಪಾದನಾ ಸುಂಕ 3.5ರಲ್ಲಿಯೇ ನಿಂತಿತು. ಅದು ಪೂರ್ಣವಾಗಿ ರದ್ದಾದದ್ದು 1926ರಲ್ಲಿ.