ಟೈರು ಪರೀಕ್ಷಾವರದಿಗಳ ವಾಚನ: ಒದ್ದೆ ರಸ್ತೆಯ ನಿಲುಗಡೆ, ಬಾಳಿಕೆ, ಶಬ್ದ

ಮೋಟಾರು ವಾಹನಗಳ ಟೈರುಗಳನ್ನು ತಯಾರಕರ ಹಂಗಿಲ್ಲದ ಸಂಸ್ಥೆಗಳು ಪರೀಕ್ಷಿಸಿ, ಫಲಿತಾಂಶಗಳನ್ನು ಪ್ರಕಟಿಸುವ ಪದ್ಧತಿಯು ಯೂರೋಪಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಜರ್ಮನಿಯ ಮೋಟಾರು ಸವಾರರ ಸಂಘವಾದ ಎ.ಡಿ.ಎ.ಸಿ.ಯ ವರದಿಗಳು ಇವುಗಳಲ್ಲಿ ಪ್ರಸಿದ್ಧವಾದವು. ಇಂಥ ವರದಿಯ ಕೊನೆಯಲ್ಲಿ ಪ್ರತಿಯೊಂದು ಟೈರಿಗೂ ಒಟ್ಟು ಅಂಕವೊಂದು ದೊರೆಯುತ್ತದೆ. ಸಾಮಾನ್ಯ ವಾಚಕನ ದೃಷ್ಟಿಯು ನೇರವಾಗಿ ಅದರ ಮೇಲೆ ಹೋಗುತ್ತದೆ. ಆದರೆ ಆ ಒಂದು ಅಂಕದಲ್ಲಿ ಮೂರು ಭಿನ್ನ ಜಾತಿಯ ಸಂಖ್ಯೆಗಳು ಬೆರೆತಿರುತ್ತವೆ. ಒದ್ದೆ ರಸ್ತೆಯ ನಿಲುಗಡೆಯು ನೇರವಾಗಿ ಅಳೆದ ದೂರ. ಬಾಳಿಕೆಯು ಸ್ವಲ್ಪ ಸವೆತವನ್ನು ಅಳೆದು ಅದರಿಂದ ಅನುಮಾನಿಸಿದ ಆಯುಷ್ಯ. ಶಬ್ದವು ಲಾಗರಿತಮ್ ಮಾನದಲ್ಲಿ ಹೇಳಿದ ಮೊತ್ತ. ಇವುಗಳನ್ನು ಬೇರ್ಪಡಿಸಿ ಓದುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

‘ಕ’ ಮತ್ತು ‘ಖ’ ಎಂಬ ಒಂದೇ ಅಳತೆಯ ಎರಡು ಟೈರುಗಳಿವೆ ಎಂದು ಭಾವಿಸೋಣ. ಗಂಟೆಗೆ 80 ಕಿಲೋಮೀಟರು ವೇಗದಿಂದ ಒದ್ದೆ ರಸ್ತೆಯಲ್ಲಿ ಬ್ರೇಕು ಹಾಕಿದಾಗ ‘ಕ’ ಟೈರಿನ ಕಾರು 30 ಮೀಟರಿನಲ್ಲಿಯೂ, ‘ಖ’ ಟೈರಿನ ಕಾರು 34 ಮೀಟರಿನಲ್ಲಿಯೂ ನಿಂತವು. ನಾಲ್ಕು ಮೀಟರು ಅಲ್ಪವೆಂದು ತೋರಬಹುದು. ಆದರೆ ಮೊದಲನೆಯ ಕಾರು ಪೂರ್ತಿಯಾಗಿ ನಿಂತ ಸ್ಥಳದಲ್ಲಿ ಎರಡನೆಯದರ ವೇಗವು ಎಷ್ಟಿರುತ್ತದೆಂಬುದನ್ನು ಕೇಳಬೇಕು. ಬ್ರೇಕಿನ ಬಲವು ಏಕರೀತಿಯಾಗಿದ್ದರೆ ವೇಗದ ವರ್ಗವು ಕ್ರಮಿಸಿದ ದೂರಕ್ಕೆ ಅನುಗುಣವಾಗಿ ಕುಗ್ಗುತ್ತದೆ. 34 ಮೀಟರಿನಲ್ಲಿ 30 ಕಳೆದಾಗ ಉಳಿಯುವ ಭಾಗವು ಸುಮಾರು ಎಂಟರಲ್ಲೊಂದು. ಅದರ ವರ್ಗಮೂಲವನ್ನು 80ರಿಂದ ಗುಣಿಸಿದರೆ ಗಂಟೆಗೆ ಸುಮಾರು 27 ಕಿಲೋಮೀಟರು ಬರುತ್ತದೆ. ಒಂದು ಕಾರು ನಿಂತಲ್ಲಿ ಇನ್ನೊಂದು ಈ ವೇಗದಿಂದ ಡಿಕ್ಕಿ ಹೊಡೆಯುವುದು. ನಿಲುಗಡೆಯ ಫಲಿತಾಂಶವನ್ನು ಮೀಟರುಗಳಲ್ಲಿ ಮಾತ್ರ ಓದದೆ, ಉಳಿದ ವೇಗದಲ್ಲಿ ಓದಬೇಕೆಂಬುದಕ್ಕೆ ಇದೇ ಕಾರಣ.

ಈ ಸಂಖ್ಯೆಗೂ ಮೇರೆಗಳುಂಟು. ಕೆಲವು ಸಂಸ್ಥೆಗಳು ಗಂಟೆಗೆ 80 ಕಿಲೋಮೀಟರಿನಿಂದ ಸೊನ್ನೆಯವರೆಗೂ, ಕೆಲವು 80ರಿಂದ 20ರವರೆಗೂ ದೂರವನ್ನು ಅಳೆಯುತ್ತವೆ. ರಸ್ತೆಯ ಮೇಲ್ಮೈ, ನೀರಿನ ಪದರದ ದಪ್ಪ, ಉಷ್ಣತೆ ಇವುಗಳೂ ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತವೆ. ಆದಕಾರಣ ಎರಡು ಬೇರೆ ವರದಿಗಳ ಮೀಟರುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ತಪ್ಪು. ಒಂದೇ ದಿನ, ಒಂದೇ ಪಥದಲ್ಲಿ, ನಡುನಡುವೆ ಒಂದು ಪ್ರಮಾಣ ಟೈರನ್ನು ಓಡಿಸಿ ತಿದ್ದಿಕೊಂಡ ಫಲಿತಾಂಶಗಳ ಅನುಪಾತವೇ ನಂಬತಕ್ಕದ್ದು. ತೆಳುವಾದ ನೀರಿನ ಪದರದ ಮೇಲಿನ ಬ್ರೇಕು ಮುಖ್ಯವಾಗಿ ರಬ್ಬರಿನ ಮಿಶ್ರಣದ ಗುಣವನ್ನು ತೋರಿಸುತ್ತದೆ. ನಿಂತ ನೀರಿನ ಮೇಲೆ ಟೈರು ತೇಲುವ ಅಪಾಯವು ತೋಡುಗಳ ಆಳವನ್ನು ಹೆಚ್ಚಾಗಿ ಅವಲಂಬಿಸಿದೆ. ಅದು ಪ್ರತ್ಯೇಕ ಪರೀಕ್ಷೆ. ಅಲ್ಲದೆ ಬಹುಪಾಲು ವರದಿಗಳು ಹೊಸ ಟೈರನ್ನೇ ಪರೀಕ್ಷಿಸಿರುತ್ತವೆ. ಅರ್ಧ ಸವೆದ ಟೈರಿನಲ್ಲಿ ಅದೇ ಕ್ರಮಾಂಕವು ಉಳಿಯುತ್ತದೆಂದು ಭಾವಿಸಲು ಆಧಾರವಿಲ್ಲ.

ಬಾಳಿಕೆಯ ಅಂಕಿಗೆ ಬಂದರೆ ಸಂದರ್ಭವು ಬೇರೆಯಾಗುತ್ತದೆ. ಟೈರನ್ನು ಕೊನೆಯವರೆಗೂ ಸವೆಸಿ ನೋಡಲು ಕಾಲವೂ ಹಣವೂ ಸಾಲವು. ಆದಕಾರಣ ಒಂದೇ ಬಗೆಯ ಕಾರುಗಳನ್ನು ಸಾಲಾಗಿ, ಒಂದೇ ದಾರಿಯಲ್ಲಿ, ಚಾಲಕರನ್ನು ಸರದಿಯಂತೆ ಬದಲಾಯಿಸುತ್ತ ಕೆಲವು ಸಾವಿರ ಕಿಲೋಮೀಟರು ಓಡಿಸುತ್ತಾರೆ; ಆಮೇಲೆ ಟ್ರೆಡ್ಡಿನ ಆಳವನ್ನು ಅಳೆದು ಉಳಿದುದನ್ನು ಗಣಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ‘ಕ’ ಟೈರಿನ ಆಳವು ಹೊಸದರಲ್ಲಿ 8 ಮಿಲಿಮೀಟರು. 12,000 ಕಿಲೋಮೀಟರಿನಲ್ಲಿ 1.6 ಮಿಲಿಮೀಟರು ಸವೆಯಿತು. ‘ಖ’ ಟೈರಿನ ಆಳವು 7 ಮಿಲಿಮೀಟರು. ಅಷ್ಟೇ ದೂರದಲ್ಲಿ 1.2 ಮಿಲಿಮೀಟರು ಸವೆಯಿತು. ಮಿಲಿಮೀಟರಿಗೆ ‘ಕ’ 7,500 ಕಿಲೋಮೀಟರು ಓಡಿದರೆ ‘ಖ’ 10,000 ಓಡುತ್ತದೆ. ಎಂದರೆ ಮೂರರಲ್ಲೊಂದು ಪಾಲು ಹೆಚ್ಚು. ಆದರೆ ಯೂರೋಪಿನ ಕಾನೂನಿನಂತೆ ಕಾರಿನ ಟೈರಿನಲ್ಲಿ 1.6 ಮಿಲಿಮೀಟರು ಉಳಿದಿರಲೇಬೇಕು. ಆದ್ದರಿಂದ ‘ಕ’ ಟೈರಿನಲ್ಲಿ ಬಳಕೆಗೆ ದೊರೆಯುವ ಆಳ 6.4, ‘ಖ’ ಟೈರಿನಲ್ಲಿ 5.4 ಮಿಲಿಮೀಟರು. ಆಯುಷ್ಯವು ಕ್ರಮವಾಗಿ 48,000 ಮತ್ತು 54,000 ಕಿಲೋಮೀಟರು. ಸವೆತದ ವೇಗದಲ್ಲಿ ಕಂಡ ದೊಡ್ಡ ಅಂತರವು ಆಯುಷ್ಯದಲ್ಲಿ ಎಂಟರಲ್ಲೊಂದು ಪಾಲಿಗೆ ಇಳಿಯಿತು.

ಇಲ್ಲಿಗೂ ಮುಗಿಯಲಿಲ್ಲ. ಸವೆತದ ಅಳತೆಯಲ್ಲಿ 0.1 ಮಿಲಿಮೀಟರಿನ ದೋಷವಿದೆಯೆಂದು ಇಟ್ಟುಕೊಂಡರೆ, ‘ಕ’ ಟೈರಿನ ಆಯುಷ್ಯವು ಸುಮಾರು 45,000ದಿಂದ 51,000ದವರೆಗೂ, ‘ಖ’ ಟೈರಿನದು ಸುಮಾರು 50,000ದಿಂದ 59,000ದವರೆಗೂ ಹರಡುತ್ತದೆ. ಎರಡು ಹರವುಗಳೂ ಅಂಚಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ವರದಿಯಲ್ಲಿ ಪರೀಕ್ಷೆಯ ದೂರವು ಕಡಮೆಯಾಗಿದ್ದಷ್ಟೂ ಈ ಸಂದಿಗ್ಧತೆಯು ಹೆಚ್ಚುತ್ತದೆ. ಆದ್ದರಿಂದ ಬಾಳಿಕೆಯ ಅಂಕಣವನ್ನು ಓದುವಾಗ ಮೊದಲು ಎಷ್ಟು ದೂರ ಓಡಿಸಿದರು, ಯಾವ ಆಳದವರೆಗೆ ಗಣಿಸಿದರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಬೇಕು. ಕಿಲೋಮೀಟರಿನ ಸಂಖ್ಯೆಯು ಆ ದಾರಿಗೂ ಆ ಕಾರಿಗೂ ಸೇರಿದ್ದು. ತಿರುವುಗಳು ಹೆಚ್ಚಿರುವ ರಸ್ತೆಯಲ್ಲಿ ಅದು ಬಹಳವಾಗಿ ತಗ್ಗಬಹುದು.

ಶಬ್ದದ ವಿಷಯದಲ್ಲಿ ಎರಡು ಬೇರೆ ಅಳತೆಗಳಿಗೆ ಒಂದೇ ಹೆಸರು ಇರುವುದರಿಂದ ಗೊಂದಲವುಂಟಾಗುತ್ತದೆ. ಯೂರೋಪಿನ ಟೈರುಚೀಟಿಯಲ್ಲಿ ಮುದ್ರಿತವಾದ ಡೆಸಿಬೆಲ್ ಸಂಖ್ಯೆಯು ಹೊರಗಿನ ಶಬ್ದ. ವಿಶ್ವಸಂಸ್ಥೆಯ ಯೂರೋಪು ಆರ್ಥಿಕ ಆಯೋಗದ 117ನೆಯ ನಿಯಮದಂತೆ, ಎಂಜಿನನ್ನು ನಿಲ್ಲಿಸಿದ ಕಾರು ನಯವಾದ ವಿಶಿಷ್ಟ ಪಥದ ಮೇಲೆ ಉರುಳಿಹೋಗುವಾಗ, ಪಥದ ಮಧ್ಯರೇಖೆಯಿಂದ 7.5 ಮೀಟರು ದೂರದಲ್ಲಿಟ್ಟ ಮೈಕ್ರೊಫೋನು ಅದನ್ನು ಅಳೆಯುತ್ತದೆ. ಕಾರಿನ ಟೈರಿಗೆ ಗಂಟೆಗೆ 80 ಕಿಲೋಮೀಟರು ನಿರ್ದೇಶಿತ ವೇಗ. ಅದು ದಾರಿಯ ಪಕ್ಕದಲ್ಲಿ ವಾಸಿಸುವವರಿಗೆ ಕೇಳುವ ಶಬ್ದ. ಕಾರಿನೊಳಗೆ ಕುಳಿತವನಿಗೆ ಕೇಳುವುದಲ್ಲ. ಒಳಗಿನ ಶಬ್ದದಲ್ಲಿ ಕಾರಿನ ಮೈಕಟ್ಟು, ರಸ್ತೆಯ ಒರಟುತನ ಇವೂ ಪಾಲುಗೊಳ್ಳುತ್ತವೆ. ಪರೀಕ್ಷಕರು ಅನೇಕವೇಳೆ ಅದನ್ನು ಕಿವಿಯಿಂದಲೇ ಅಂದಾಜು ಮಾಡಿ ಅಂಕವನ್ನು ಕೊಡುತ್ತಾರೆ. ಡೆಸಿಬೆಲ್ ಮಾನದಲ್ಲಿ 3 ಹೆಚ್ಚಿದರೆ ಶಬ್ದಶಕ್ತಿಯು ಇಮ್ಮಡಿಯಾಗುತ್ತದೆ. ಆದರೆ ಕಿವಿಗೆ ಇಮ್ಮಡಿಯೆಂದು ತೋರಬೇಕಾದರೆ ಸುಮಾರು 10 ಹೆಚ್ಚಬೇಕು. ‘ಕ’ ಟೈರು 71, ‘ಖ’ ಟೈರು 70 ಡೆಸಿಬೆಲ್ ಎಂದಿದ್ದರೆ, ಆ ಒಂದು ಡೆಸಿಬೆಲ್ಲಿನಿಂದ ಪ್ರಯಾಣಿಕನ ಸುಖವನ್ನು ನಿರ್ಣಯಿಸಲಾಗದು.

ಇನ್ನು ಒಟ್ಟು ಅಂಕದ ಮಾತು. ಎ.ಡಿ.ಎ.ಸಿ. ಸಂಘವು 2023ರಿಂದ ಚಾಲನೆಯ ಸುರಕ್ಷಿತತೆಗೆ ನೂರರಲ್ಲಿ 70 ಪಾಲನ್ನೂ, ಬಾಳಿಕೆ ಮೊದಲಾದವು ಸೇರಿದ ಪರಿಸರ ಗುಣಗಳಿಗೆ 30 ಪಾಲನ್ನೂ ಕೊಡುತ್ತಿದೆ. ಇದು ಅಳತೆಯಲ್ಲ, ಸಂಸ್ಥೆಯ ಮೌಲ್ಯನಿರ್ಣಯ. ಪಾಲುಗಳನ್ನು ಬದಲಾಯಿಸಿದರೆ, ಟೈರುಗಳು ಬದಲಾಗದಿದ್ದರೂ, ‘ಕ’ ಮೇಲಿದ್ದುದು ಕೆಳಗಾಗಬಹುದು.

ಭಾರತದಲ್ಲಿಯೂ ಎ.ಐ.ಎಸ್. 142 ಎಂಬ ಮಾನಕವು ಉರುಳುವಿಕೆಯ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಉರುಳುವ ಶಬ್ದ ಈ ಮೂರನ್ನು ಒಳಗೊಂಡಿದೆ. ಬಾಳಿಕೆಯು ಅದರಲ್ಲಿ ಸೇರಿಲ್ಲ. ಆದಕಾರಣ ನಮ್ಮ ವಾಚಕನಿಗೂ ಈ ವಿಂಗಡಣೆಯು ಅವಶ್ಯಕವಾದುದೇ. ಮೊದಲು ನಿಲುಗಡೆಯ ಅಂಕಣವನ್ನು ನೋಡಿ, ಉಳಿದ ವೇಗವು ಹೆಚ್ಚಾಗಿರುವ ಟೈರುಗಳನ್ನು ತೆಗೆದುಹಾಕಬೇಕು. ಉಳಿದವುಗಳಲ್ಲಿ ಬಾಳಿಕೆಯ ಅಂತರವು ಅಳತೆಯ ದೋಷವನ್ನು ಮೀರಿದೆಯೆ ಎಂದು ನೋಡಬೇಕು. ಇವೆರಡರಲ್ಲಿಯೂ ಸಮವಾದ ಟೈರುಗಳ ನಡುವೆ ಮಾತ್ರ ಶಬ್ದವನ್ನು ನಿರ್ಣಾಯಕವಾಗಿ ಗಣಿಸಬಹುದು. ನಮ್ಮ ಉದಾಹರಣೆಯಲ್ಲಿ ‘ಖ’ ಟೈರಿನ ಆರು ಸಾವಿರ ಕಿಲೋಮೀಟರುಗಳ ಲಾಭವು ಸಂದಿಗ್ಧವಾದುದು. ‘ಕ’ ಟೈರಿನ ನಾಲ್ಕು ಮೀಟರುಗಳ ಲಾಭವು ನೇರವಾಗಿ ಅಳೆದುದು.