ಸಂಜೆಯ ಹಸುಗಳಿಗೆ ದಾರಿ ಗೊತ್ತು

ಪ್ರೀತಿಯ ಪುಟ್ಟೂ,

ಕಾಯುವವರಿಲ್ಲದೆ ನಮ್ಮ ಮಲೆನಾಡು ಗಿಡ್ಡ ಹಸುಗಳು ಸಂಜೆ ಗುಡ್ಡದಿಂದ ತಾವಾಗಿಯೇ ಹೇಗೆ ಬರುತ್ತವೆ ಎಂದು ಕೇಳಿದ್ದೆಯಲ್ಲ. ಗೌರಿಯನ್ನೇ ನೋಡು. ಅವಳ ಕರು ಕೊಟ್ಟಿಗೆಯಲ್ಲಿದೆ. ಬೆಳಿಗ್ಗೆ ಹಾಲು ಕರೆದ ಮೇಲೆ ಕೆಚ್ಚಲಿನಲ್ಲಿ ಮತ್ತೆ ಹಾಲು ತುಂಬುತ್ತಾ, ಸಂಜೆಯ ಹೊತ್ತಿಗೆ ಬಿಗಿಯುತ್ತದೆ. ಆ ಬಿಗಿತ, ಕರುವಿನ ಸೆಳೆತ ಎರಡೂ ಸೇರಿ ಅವಳನ್ನು ಮನೆಯತ್ತ ಹೊರಡಿಸುತ್ತವೆ. ಹಾಲು ಬತ್ತಿದ ಹಸುಗಳಿಗೆ ಈ ತುರ್ತಿಲ್ಲ. ಆದರೂ ಅಕ್ಕಚ್ಚಿನ ರುಚಿ ಅವಕ್ಕೂ ಗೊತ್ತು, ಜತೆಯವರನ್ನು ಬಿಟ್ಟಿರಲೂ ಅವಕ್ಕೆ ಇಷ್ಟವಿಲ್ಲ.

ಇಳಿಹೊತ್ತಿನಲ್ಲಿ ಹಸುಗಳು ಚೆನ್ನಾಗಿ ಮೇಯುತ್ತವೆ. ಕತ್ತಲಾದರೆ ಮಲಗಿ ಮೆಲುಕು ಹಾಕಲು ಭಯವಿಲ್ಲದ ಜಾಗ ಬೇಕು. ಮೇವು, ನೀರು ಎಲ್ಲಿ ಸಿಕ್ಕಿತೆಂಬುದನ್ನು ಅವು ಮರೆಯುವುದಿಲ್ಲ. ದಿನವೂ ತುಳಿದ ಜಾಡು ಚೆನ್ನಾಗಿ ನೆನಪಿರುತ್ತದೆ.

ಹೊಸದಾಗಿ ಕೊಂಡ ಹಸುವಿಗೆ ಆ ನೆನಪು ಹಳೆಯ ಮನೆಯದು. ಬಿಟ್ಟರೆ ಅತ್ತಲೇ ನಡೆದೀತು. ಅದಕ್ಕೇ ಮೊದಲು ಕೊಟ್ಟಿಗೆಯಲ್ಲೇ ಕಟ್ಟಿ ಸಾಕಿ, ಆಮೇಲೆ ಹಳೆಯ ಹಸುಗಳ ಜತೆ ಬಿಡುತ್ತೇವೆ.

ಬೆದೆಗೆ ಬಂದದ್ದು ಹೋರಿಯ ಹಿಂದೆ ಉಳಿಯಬಹುದು. ತುಂಬುಗಬ್ಬದ್ದು ಬರಲಿಲ್ಲವೆಂದರೆ ನನಗೆ ಆತಂಕ ಹೆಚ್ಚು. ಅದು ಗುಂಪು ಬಿಟ್ಟು ಪೊದೆಯ ಮರೆಯಲ್ಲಿ ಕರು ಹಾಕಿ, ಕರುವನ್ನು ಅಲ್ಲೇ ಅಡಗಿಸಿ ಬರುವುದುಂಟು. ಹೊಟ್ಟೆ ಇಳಿದಿದ್ದು, ಮತ್ತೆ ಮತ್ತೆ ಗುಡ್ಡದತ್ತ ತಿರುಗಿ ಕೂಗಿದರೆ ಹಗ್ಗ ಬಿಚ್ಚಿ ಅದರ ಹಿಂದೆಯೇ ಹೋಗಬೇಕು, ಚಿರತೆ ಕರುವನ್ನು ಕಾಣುವ ಮುನ್ನ.

ಇಂತಿ,
ನಿನ್ನ ಸೋದರಮಾವ