ಮೂರು ದಿನ ತಡವಾದ ಸಂಬಳ

1958ರ ನವೆಂಬರ್ 15ರ ತಾರೀಖಿನ ಒಂದು ನೋಟಿಸ್. ಪಶ್ಚಿಮ ಬಂಗಾಳದ ನ್ಯಾಷನಲ್ ಐರನ್ ಅಂಡ್ ಸ್ಟೀಲ್ ಕಂಪನಿ ತನ್ನ ಒಬ್ಬ ಕಾರ್ಮಿಕನಿಗೆ ಕೊಟ್ಟದ್ದು. 17ರಿಂದ ನಿಮ್ಮ ಕೆಲಸ ಮುಗಿಯಿತು, ನೋಟಿಸ್ ಅವಧಿಯ ಬದಲಿಗೆ ಒಂದು ತಿಂಗಳ ಸಂಬಳ ಸಿಗುತ್ತದೆ, 20ರಂದೋ ಆಮೇಲೋ ಕ್ಯಾಶ್ ಆಫೀಸಿಗೆ ಬಂದು ಲೆಕ್ಕ ಚುಕ್ತಾ ಮಾಡಿಕೊಳ್ಳಿ ಎಂಬುದು ಅದರ ಸಾರ.

ಮೇಲ್ನೋಟಕ್ಕೆ ಇದರಲ್ಲಿ ತಕರಾರು ತೆಗೆಯಲು ಏನೂ ಇಲ್ಲ. ಕಂಪನಿ ದುಡ್ಡು ಕೊಡುವುದಿಲ್ಲ ಎಂದಿರಲಿಲ್ಲ, ಕೆಲವು ದಿನ ಬಿಟ್ಟು ಬನ್ನಿ ಎಂದಿತ್ತು, ಅಷ್ಟೇ. ಆದರೆ 1967ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಈಗಿಂದೀಗಲೇ ಹೊರಡು ಎನ್ನುವುದಾದರೆ ಹೊರಡು ಎಂದ ಗಳಿಗೆಯಲ್ಲೇ ಹಣ ಕೈಗಿಡಬೇಕು, ಆಮೇಲೆ ಬಂದು ತೆಗೆದುಕೋ ಎನ್ನುವಂತಿಲ್ಲ ಎಂದಿತು. ಕೆಲಸ ಹೋದದ್ದು 17ಕ್ಕೆ, ಹಣ 20ಕ್ಕೆ. ನಡುವಿನ ಮೂರು ದಿನವೇ ಕಂಪನಿಯ ಮೊಕದ್ದಮೆಯನ್ನು ಮುಳುಗಿಸಿತು.

ಕೆಲಸದಿಂದ ತೆಗೆಯುವಾಗ ಏನೇನು ಸಲ್ಲಬೇಕು? ಕಾರ್ಮಿಕ ಕಾನೂನಿನ ಪರೀಕ್ಷೆ ಬರೆಯುವವರನ್ನು ಎಡವಿಸುವ ಜಾಗವೂ ಇದೇ, ಸಣ್ಣ ಕಾರ್ಖಾನೆಗಳ ಮಾಲೀಕರು ಎಡವುವ ಜಾಗವೂ ಇದೇ. ‘ಒಂದು ತಿಂಗಳ ನೋಟಿಸ್ ಅಥವಾ ಪರಿಹಾರ’ ಎಂಬ ಆಯ್ಕೆ ಪ್ರಶ್ನೆಪತ್ರಿಕೆಯಲ್ಲಿ ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಓದಿಕೊಂಡವರೂ ಅದಕ್ಕೇ ಗುರುತು ಹಾಕುತ್ತಾರೆ. ಕಾನೂನಿನಲ್ಲಿ ‘ಅಥವಾ’ ಇರುವುದು ನಿಜ, ಆದರೆ ಅಲ್ಲಿ ಅಲ್ಲ. ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಒಂದು ತಿಂಗಳ ಸಂಬಳ. ಇದರ ಮೇಲೆ ಪರಿಹಾರ. ನೋಟಿಸ್ ಕೊಟ್ಟ ಮಾತ್ರಕ್ಕೆ ಪರಿಹಾರ ತಪ್ಪುವುದಿಲ್ಲ, ಪರಿಹಾರ ಎಷ್ಟೇ ದೊಡ್ಡದಿದ್ದರೂ ನೋಟಿಸ್ ಮನ್ನಾ ಆಗುವುದಿಲ್ಲ. ನೋಟಿಸ್ ಲಿಖಿತವಾಗಿರಬೇಕು, ಕಾರಣ ಅದರಲ್ಲೇ ಇರಬೇಕು.

1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಮು ಹೇಳುತ್ತಿದ್ದುದು ಇದನ್ನೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 70ನೇ ಕಲಮು ಹೆಚ್ಚು ಕಡಿಮೆ ಅದೇ ಮಾತುಗಳನ್ನು ಉಳಿಸಿಕೊಂಡಿದೆ. ಹಾಗಾಗಿ ಹಳೆಯ ತೀರ್ಪುಗಳನ್ನು ಅಟ್ಟಕ್ಕೆ ಹಾಕುವ ಕಾಲ ಬಂದಿಲ್ಲ.

ಅವುಗಳಲ್ಲಿ ಮೊದಲು ನೆನೆಯಬೇಕಾದದ್ದು 1960ರ ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣ. ಬೊಂಬಾಯಿಯ ಜೆ.ಜೆ. ಆಸ್ಪತ್ರೆ ಸಮೂಹದ ವಾರ್ಡ್ ಸೇವಕಿಯರಿಬ್ಬರನ್ನು ಪರಿಹಾರ ಕೊಡದೆ ತೆಗೆಯಲಾಗಿತ್ತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್; ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ನೋಟಿಸ್ ಮತ್ತು ಪರಿಹಾರ ಕಾರ್ಮಿಕರ ಕಡಿತಕ್ಕೆ ಮೊದಲೇ ಪೂರೈಸಬೇಕಾದ ಷರತ್ತುಗಳು, ಪೂರೈಸದಿದ್ದರೆ ಕಡಿತವೇ ಅಸಿಂಧು ಎಂದು ಅವರು ಹೇಳಿದರು. ಆಸ್ಪತ್ರೆಯೂ ‘ಉದ್ಯಮ’ವೇ ಎಂಬ ಅದೇ ತೀರ್ಪಿನ ಇನ್ನೊಂದು ಮಾತು 1970ರಲ್ಲಿ ಬಿದ್ದುಹೋಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು 1978ರ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣ.

ನೋಟಿಸ್, ಪರಿಹಾರದ ಜೊತೆಗೆ ಸರ್ಕಾರಕ್ಕೆ ಕೊಡಬೇಕಾದ ತಿಳಿವಳಿಕೆಯ ಪತ್ರವೂ ಅದೇ ಕಲಮಿನಲ್ಲಿದೆ. ಮೂರೂ ಒಂದೇ ತೂಕದವು ಎಂದುಕೊಂಡರೆ ಇನ್ನೊಂದು ಬಲೆ. ಬಾಂಬೆ ಯೂನಿಯನ್ ಆಫ್ ಜರ್ನಲಿಸ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪತ್ರವನ್ನು ಪೂರ್ವಷರತ್ತು ಎಂದು ಎಣಿಸಲಿಲ್ಲ. ಅದು ಸರ್ಕಾರದ ಮಾಹಿತಿಗಾಗಿ. ಕಾರ್ಮಿಕನ ಕೈಗೆ ಸೇರಬೇಕಾದ ಹಣದ ಕಥೆ ಬೇರೆ.

ಈಗ ಲೆಕ್ಕಕ್ಕೆ ಬರೋಣ. ಪೀಣ್ಯದಲ್ಲಿ 60 ಮಂದಿ ದುಡಿಯುವ ಒಂದು ವರ್ಕ್‌ಶಾಪ್ ಇದೆ ಎಂದಿಟ್ಟುಕೊಳ್ಳಿ. ಆರ್ಡರ್ ಕಡಿಮೆಯಾಗಿದೆ, ಒಬ್ಬ ಲೇತ್ ಆಪರೇಟರ್‌ನನ್ನು ಬಿಡಬೇಕು. ಅವನ ಸೇವೆ 9 ವರ್ಷ 7 ತಿಂಗಳು. ಕೊನೆಯ ಮೂರು ಪೂರ್ಣ ತಿಂಗಳುಗಳ ಸರಾಸರಿ ಸಂಬಳ 24,000 ರೂಪಾಯಿ. ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಉಳಿದ ತುಂಡು ಆರು ತಿಂಗಳು ಮೀರಿದ್ದರೆ ಅದೂ ಒಂದು ವರ್ಷ. ಇಲ್ಲಿ ಉಳಿದದ್ದು ಏಳು ತಿಂಗಳು, ಆದ್ದರಿಂದ ಲೆಕ್ಕಕ್ಕೆ ಹತ್ತು ವರ್ಷ. ಹತ್ತು ಸಲ 12,000, ಅಂದರೆ 1,20,000 ರೂಪಾಯಿ. ನೋಟಿಸ್ ಕೊಡದೆ ಇವತ್ತೇ ಕಳಿಸುವುದಾದರೆ ಇನ್ನೊಂದು 24,000. ಗೇಟು ದಾಟುವ ಮುನ್ನ ಅವನಿಗೆ ಸಲ್ಲಬೇಕಾದದ್ದು 1,44,000.

ಒಂಬತ್ತೇ ವರ್ಷ ಎಣಿಸಿ 1,08,000ದ ಚೆಕ್ ಬರೆಯುವ ಗುಮಾಸ್ತ ಮಾಲೀಕನಿಗೆ 12,000 ಉಳಿಸಿದೆ ಎಂದುಕೊಳ್ಳುತ್ತಾನೆ. ಉಳಿಸಿದ್ದಲ್ಲ, ಇಡೀ ಕಡಿತವನ್ನೇ ಪ್ರಶ್ನಿಸಲು ದಾರಿ ಮಾಡಿಕೊಟ್ಟಿದ್ದಾನೆ. ಹಾಗೆಂದು ತುಂಡು ಸರಿಯಾಗಿ ಆರು ತಿಂಗಳಿದ್ದರೆ ಲಾಭ ಕಾರ್ಮಿಕನಿಗಿಲ್ಲ. ಮೀರಿರಬೇಕು ಎನ್ನುತ್ತದೆ ಕಾನೂನು.

ಗ್ರಾಚ್ಯುಟಿ ಗೊತ್ತಿರುವವರಿಗೆ ಇಲ್ಲಿ ಇನ್ನೊಂದು ಗೊಂದಲ. ಅಲ್ಲಿ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುತ್ತಾರೆ. ಆ ಸೂತ್ರವನ್ನು ಇಲ್ಲಿಗೂ ಎಳೆದು ತಂದರೆ 12,000ದ ಜಾಗದಲ್ಲಿ ಸುಮಾರು 13,846 ಬರುತ್ತದೆ. ಹರಿಯಾಣದ ಗುರು ಜಂಭೇಶ್ವರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಕಡಿತದ ಪರಿಹಾರಕ್ಕೆ ಗ್ರಾಚ್ಯುಟಿಯ 26 ಅನ್ವಯಿಸದು. ಗ್ರಾಚ್ಯುಟಿ ಬೇರೆ ಕಾನೂನಿನ ಬೇರೆ ಹಣ. ಅದೂ ಸಲ್ಲಬೇಕು, ಇದೂ ಸಲ್ಲಬೇಕು.

ಹೊಸ ಸಂಹಿತೆ ಇದಕ್ಕೆ ಮತ್ತೊಂದು ‘15 ದಿನ’ವನ್ನು ಸೇರಿಸಿದೆ. ಕಡಿತಗೊಂಡ ಪ್ರತಿ ಕಾರ್ಮಿಕನ ಹೆಸರಿನಲ್ಲಿ ಮಾಲೀಕರು ಕೊನೆಯ ಸಂಬಳದ 15 ದಿನದ ಮೊತ್ತವನ್ನು ಮರುಕೌಶಲ ನಿಧಿಗೆ ಕಟ್ಟಬೇಕು. 45 ದಿನದೊಳಗೆ ಅದು ಕಾರ್ಮಿಕನ ಖಾತೆಗೆ ಹೋಗಬೇಕು. ಇದು ಒಂದೇ ಸಲದ್ದು, ವರ್ಷಕ್ಕೆ ಇಷ್ಟರಂತೆ ಅಲ್ಲ. ಮುಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಇವೆರಡನ್ನು ಬೆರೆಸದೆ ಬಿಡಲಾರವು.

60 ಮಂದಿಯ ವರ್ಕ್‌ಶಾಪ್ ಎಂದದ್ದಕ್ಕೂ ಕಾರಣವಿದೆ. ಕಾರ್ಖಾನೆ, ಗಣಿ ಅಥವಾ ತೋಟದಲ್ಲಿ 300 ಅಥವಾ ಹೆಚ್ಚು ಕಾರ್ಮಿಕರಿದ್ದರೆ ನೋಟಿಸ್ ಮೂರು ತಿಂಗಳಿನದು, ಸರ್ಕಾರದ ಅನುಮತಿಯೂ ಮೊದಲೇ ಬೇಕು. ಹಳೆಯ ಕಾಯ್ದೆಯಲ್ಲಿ ಈ ಗೆರೆ 100ಕ್ಕೆ ಇತ್ತು. 150 ಮಂದಿಯ ಕಾರ್ಖಾನೆ ಆಗ ಅನುಮತಿಗೆ ಕಾಯಬೇಕಿತ್ತು, ಈಗ ಬೇಡ. ಸಂಖ್ಯೆ ಬದಲಾದರೂ ಪರಿಹಾರದ 15 ದಿನ ಹಾಗೆಯೇ ಉಳಿದಿದೆ ಎಂಬುದನ್ನು ಕಾರ್ಮಿಕ ಸಂಘಗಳು ಮರೆತಿಲ್ಲ.

ಇಷ್ಟೆಲ್ಲ ರಕ್ಷಣೆಗೆ ಒಂದು ಬಾಗಿಲಿದೆ: ಒಂದು ವರ್ಷದ ನಿರಂತರ ಸೇವೆ. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿದ್ದರೆ ಸಾಕು. ಸಂಬಳ ಸಹಿತದ ಭಾನುವಾರ, ರಜಾದಿನಗಳೂ ಇದರಲ್ಲಿ ಸೇರುತ್ತವೆ ಎಂದು 1985ರ ಅಮೆರಿಕನ್ ಎಕ್ಸ್‌ಪ್ರೆಸ್ ಪ್ರಕರಣ ಹೇಳಿದೆ. ಆದರೆ ದುಡಿದದ್ದನ್ನು ತೋರಿಸುವವರು ಯಾರು? ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿ ನೌಕರನೊಬ್ಬ 240 ದಿನ ದುಡಿದೆನೆಂದು ಪ್ರಮಾಣ ಮಾಡಿದ್ದ. ಬರೀ ಬಾಯಿಮಾತು ಸಾಲದು, ಸಾಬೀತು ಅವನ ಹೊಣೆ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಜರಿ ಪುಸ್ತಕ ಇರುವುದು ಮಾಲೀಕನ ಕಪಾಟಿನಲ್ಲಿ, ಸಾಕ್ಷ್ಯ ತರಬೇಕಾದವನು ಕೂಲಿಯವನು! ಅದಕ್ಕೇ ಬಲ್ಲ ವಕೀಲರು ಮಸ್ಟರ್ ರೋಲ್ ಹಾಜರುಪಡಿಸಿ ಎಂದು ಮೊದಲೇ ಅರ್ಜಿ ಹಾಕುತ್ತಾರೆ. ಸಂಬಳದ ಚೀಟಿ, ಇಎಸ್‌ಐ ಮತ್ತು ಪಿಎಫ್ ದಾಖಲೆ ಇಟ್ಟುಕೊಂಡವರ ಪ್ರಕರಣ ಗಟ್ಟಿಯಾಗಿ ನಿಲ್ಲುತ್ತದೆ.

ಕಡಿತ ಅಸಿಂಧು ಎಂದು ಗೆದ್ದರೂ ಕೆಲಸ ತಾನಾಗಿ ಮರಳುವುದಿಲ್ಲ. 2014ರ ಬಿಎಸ್‌ಎನ್‌ಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಿನಗೂಲಿಯವರ ವಿಷಯದಲ್ಲಿ ತಪ್ಪು ನಡೆದದ್ದು ನೋಟಿಸ್ ಮತ್ತು ಪರಿಹಾರದ ಹಂತದಲ್ಲಿ ಮಾತ್ರವಾದರೆ ಮರುನೇಮಕದ ಬದಲು ಇಡಿಗಂಟು ಹಣ ಸಾಕೆಂಬ ನಿಲುವು ತಳೆಯಿತು. ತನಗಿಂತ ಕಿರಿಯನನ್ನು ಉಳಿಸಿಕೊಂಡು ತನ್ನನ್ನು ತೆಗೆದರು ಎಂದು ತೋರಿಸಬಲ್ಲವನ ಸ್ಥಿತಿ ಬೇರೆ. ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ನಿಯಮ ಮುರಿದಿದ್ದರೆ ಹಣ ಕೊಟ್ಟು ಕೈತೊಳೆದುಕೊಳ್ಳುವುದನ್ನು ನ್ಯಾಯಾಲಯಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಪೀಣ್ಯದ ಆ ಆಪರೇಟರ್ ಚೆಕ್ಕಿನ ಮೊತ್ತದ ಜೊತೆಗೆ, ಪಕ್ಕದ ಲೇತಿನಲ್ಲಿ ಉಳಿದವನು ಯಾವ ವರ್ಷ ಸೇರಿದ್ದ ಎಂಬುದನ್ನೂ ವಿಚಾರಿಸಿಕೊಳ್ಳಬೇಕು.